ಅಂಗಿಯ ಮೇಲೆ ತಿರುಗಿದ ಮುಖ

ಜಯಪ್ರಿಯಾ ಕಂಪ್ಯೂಟರ್ ಆನ್ ಮಾಡುವ ಮುಂಚೆ ಅದರ ಮೇಲೆ ಅಂಟಿಸಿದ ಮುರುಗನ ಚಿತ್ರವನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಾಳೆ. ತಿರುಪ್ಪೂರಿನಲ್ಲಿ ಕೆಲಸಕ್ಕೆ ಸೇರಿದ ದಿನದಿಂದ ಇದೊಂದು ಅಭ್ಯಾಸ. ಆಗ ಅವಳ ಮುಂದೆ ಕಂಪ್ಯೂಟರ್ ಇರಲಿಲ್ಲ, ಬನಿಯನ್ ಕಂಪನಿಯಲ್ಲಿ ನೂಲು ಕತ್ತರಿಸುವ ಮೇಜು ಇತ್ತು. ಉಡುಮಲೈ ಕಡೆಯ ಒಕ್ಕಲು ಮನೆಯ ಹುಡುಗಿ. ಮನೆಯಲ್ಲಿ ಕನ್ನಡ, ಹೊಸಿಲು ದಾಟಿದರೆ ತಮಿಳು. ಹತ್ತನೇ ತರಗತಿ ಮುಗಿಸಿ ಮದುವೆಯಾಗಿ ಇಲ್ಲಿಗೆ ಬಂದವಳು.

ನೂಲು ಕತ್ತರಿಸುವ ಮೇಜಿನಿಂದ ಅವಳು ಹರಿಹರನ್ ಅವರ ಪ್ರಿಂಟಿಂಗ್ ಪಟ್ಟರೆಗೆ, ಬಟ್ಟೆಗೆ ಅಚ್ಚು ಹಾಕುವ ಚಿಕ್ಕ ಕಾರ್ಖಾನೆಗೆ, ಬಂದದ್ದು ಬ್ರಷ್ ಹಿಡಿಯಲು. ಅಚ್ಚಿನ ಸ್ಕ್ರೀನ್‌ನಲ್ಲಿ ಎಂದರೆ ಬಣ್ಣ ಇಳಿಸುವ ಜಾಲರಿಯಲ್ಲಿ, ಬೇಡದ ಕಡೆ ಸೂಜಿಮೊನೆಯಷ್ಟು ರಂಧ್ರ ಉಳಿದರೂ ಅದರ ಮೂಲಕ ಬಣ್ಣ ಇಳಿದು ಬಟ್ಟೆಯ ಮೇಲೆ ಚುಕ್ಕೆ ಬೀಳುತ್ತದೆ. ಸ್ಕ್ರೀನನ್ನು ಬೆಳಕಿಗೆ ಹಿಡಿದು ಆ ರಂಧ್ರಗಳನ್ನು ಹುಡುಕಿ ಮುಚ್ಚುವುದು ಅವಳ ಕೆಲಸ. ಹಾಗೆ ಕೂತಲ್ಲಿಂದಲೇ ಡಿಸೈನ್ ಮಾಡುವವನ ಕೈಯನ್ನು ನೋಡುತ್ತಿದ್ದಳು. ಅವನು ಕೆಲಸ ಬಿಟ್ಟು ಹೋದಾಗ ಹರಿಹರನ್ ಬೇರೆಯವರನ್ನು ಹುಡುಕುವವರೆಗೆ ಮಾತ್ರ ಎಂದು ಇವಳನ್ನು ಕುರ್ಚಿಯಲ್ಲಿ ಕೂರಿಸಿದರು. ಆಮೇಲೆ ಹುಡುಕಲೇ ಇಲ್ಲ.

ಕೊಯಮತ್ತೂರು, ತಿರುಪ್ಪೂರು ಸುತ್ತಿನ ಕಬಡ್ಡಿ, ವಾಲಿಬಾಲ್ ತಂಡಗಳ ಅಂಗಿಗೆ ಅವಳು ಹುಲಿ ಬರೆದಿದ್ದಾಳೆ, ಕಾಂಗೇಯಂ ಎತ್ತು ಬರೆದಿದ್ದಾಳೆ, ಹದ್ದು ಬರೆದಿದ್ದಾಳೆ. ಮನುಷ್ಯನ ಮುಖ ಬರೆದದ್ದು ಕಡಿಮೆ. ಹುಲಿಗೆ ಮೀಸೆ ಹೆಚ್ಚುಕಡಿಮೆಯಾದರೆ ಹುಲಿ ಬಂದು ಕೇಳುವುದಿಲ್ಲ.

ಪುಳಿಯಮರತ್ತಡಿ ಕಬಡ್ಡಿ ತಂಡದ ನಾಯಕ ದೀನದಯಾಳನ್ ಫೋನ್ ಮಾಡಿದ್ದು ಸುಗ್ಗಿ ಮುಗಿದ ಮೇಲೆ. ಉಡುಮಲೈ ಹತ್ತಿರದ ಊರು. ಹುಣಸೆಮರದ ಕೆಳಗೆ ಆಡಿ ಬೆಳೆದವರಾದ್ದರಿಂದ ತಂಡಕ್ಕೆ ಆ ಹೆಸರು.

"ಅಕ್ಕಾ, ನಮಗೆ ಹುಲಿ ಗಿಲಿ ಬೇಡ. ನಮ್ಮ ಕಾಳಿಯಪ್ಪನ್ ಮುಖವೇ ಬೇಕು. ಒಂದು ಕಣ್ಣಿಲ್ಲ ಅವನಿಗೆ. ಆಟದಲ್ಲೇ ಹೋದದ್ದು. ಎದುರಾಳಿ ಬೆರಳು ಬಡಿದು. ಆದರೂ ಅವನು ಮೂಲೆಯಲ್ಲಿ ನಿಂತರೆ ರೈಡರ್ ಆ ಕಡೆ ಕಾಲಿಡೋದಿಲ್ಲ. ಅವನನ್ನೇ ಎದೆ ಮೇಲೆ ಹಾಕ್ಕೊಳ್ಳೋಣ ಅಂತ ಎಲ್ಲರೂ ಹೇಳಿದ್ದಾರೆ."

"ಅವರು ಒಪ್ಪಿದ್ದಾರಾ?"

"ಒಪ್ಪೋದಾ? ಹಲ್ಲು ಕಿಸಿದುಕೊಂಡು ಫೋಟೋಗೆ ನಿಂತ. ಗಂಭೀರವಾಗಿ ನಿಲ್ಲಿಸೋಕೇ ಸಾಕಾಯ್ತು."

ಫೋಟೋ ಬಂತು. ದೀನದಯಾಳನ್ ಬೆಳಗಿನ ಬಿಸಿಲಿನಲ್ಲಿ ತೆಗೆದದ್ದು, ಬೆಳಕು ಒಂದು ಪಕ್ಕದಿಂದ ಬಿದ್ದಿತ್ತು. ಜಯಪ್ರಿಯಾಗೆ ಅದು ಇಷ್ಟವಾಯಿತು. ಎದುರಿನಿಂದ ಬೆಳಕು ಬಿದ್ದ ಮುಖ ತಟ್ಟೆಯಂತೆ ಕಾಣುತ್ತದೆ. ಪಕ್ಕದ ಬೆಳಕಿನಲ್ಲಿ ಯಾವುದು ಬೆಳ್ಳಗೆ, ಯಾವುದು ಕಪ್ಪಗೆ ಎಂದು ಮುಖವೇ ಹೇಳಿಕೊಡುತ್ತದೆ. ಮುಖ ಅರ್ಧ ತಿರುಗಿತ್ತು, ನೋಡುವವರ ಎಡಗಡೆಗೆ. ಅಗಲವಾದ ದವಡೆ, ಹುರಿ ಮಾಡಿದ ಮೀಸೆ, ಹಣೆಗೆ ಕಟ್ಟಿದ ಟವೆಲ್ಲು. ಮುಂದಿದ್ದ ಕಣ್ಣಿನ ರೆಪ್ಪೆ ಒಳಗೆ ಕುಸಿದು ಮುಚ್ಚಿಕೊಂಡಿತ್ತು.

ಮೊದಲು ಬ್ಯಾನರ್ ಮಾಡಬೇಕಿತ್ತು. ಉದ್ದನೆಯ ಬ್ಯಾನರಿನಲ್ಲಿ ಎಡಕ್ಕೆ ಮುಖ, ಬಲಕ್ಕೆ ತಂಡದ ಹೆಸರು. ಫೋಟೋದಲ್ಲಿದ್ದಂತೆ ಇಟ್ಟರೆ ಕಾಳಿಯಪ್ಪನ್ ತನ್ನ ತಂಡದ ಹೆಸರಿಗೇ ಬೆನ್ನು ಹಾಕಿ ಹೊರಗೆ ನೋಡುತ್ತಿದ್ದ. ಹುಲಿಯಾದರೂ ಎತ್ತಾದರೂ ಅಕ್ಷರದ ಕಡೆಗೆ ನೋಡಬೇಕು. ಅವಳು ಎಷ್ಟೋ ಹುಲಿಗಳನ್ನು ತಿರುಗಿಸಿದ ಹಾಗೆ ಫೋಟೋವನ್ನು ಕನ್ನಡಿಯಂತೆ ತಿರುಗಿಸಿದಳು. ಒಂದು ಗುಂಡಿ ಒತ್ತುವ ಕೆಲಸ. ಒತ್ತಿದ್ದು ಮರೆತೂ ಹೋಯಿತು.

ಆಮೇಲಿನ ಕೆಲಸವೇ ಉದ್ದ. ಫೋಟೋದ ಮೇಲೆ ಗೆರೆ ಎಳೆಯುತ್ತ ಬೇಡದ್ದನ್ನು ಬಿಡುತ್ತ ಹೋದಳು. ಗಡ್ಡದ ಕುರುಚಲು ಬಿಟ್ಟಳು, ಕಿವಿಯ ಒಳಗಿನ ಸುರುಳಿ ಬಿಟ್ಟಳು, ಕತ್ತಿನ ನರ ಬಿಟ್ಟಳು. ದವಡೆ ಕೊಡಲಿಯ ತಲೆಯಂತೆ ಒಂದೇ ಗಟ್ಟಿ ಆಕಾರವಾಯಿತು. ಮೀಸೆ ಎರಡು ಕೊಂಬಾಯಿತು. ಅಂಗಿ ಕಡುನೀಲಿ. ಆ ನೀಲಿಯನ್ನೇ ಕೂದಲಿಗೂ ನೆರಳಿಗೂ ಬಿಟ್ಟುಕೊಟ್ಟಳು. ಬೆಳಕು ಬಿದ್ದ ಕಡೆಗೆ ಬಿಳಿ, ಟವೆಲ್ಲಿಗೂ ಹೊರಗಿನ ಅಂಚಿಗೂ ಅರಿಸಿನದ ಹಳದಿ. ಅಚ್ಚು ಹಾಕುವುದು ಎರಡೇ ಬಣ್ಣ, ಮೂರನೆಯದು ಬಟ್ಟೆಯದೇ. ನೀಲಿಯ ಮೇಲೆ ನೇರವಾಗಿ ಹಾಕಿದರೆ ಹಳದಿ ಮಂಕಾಗುತ್ತದೆ, ಆದ್ದರಿಂದ ಅದರ ಅಡಿಗೂ ಬಿಳಿ ಹಾಕಬೇಕೆಂದು ಗುರುತು ಮಾಡಿದಳು.

ಕಡೆಗೆ ಕಣ್ಣು ಉಳಿಯಿತು. ರೆಪ್ಪೆ, ಮಡಿಕೆ, ಸಣ್ಣ ಗಾಯದ ಗುರುತು ಎಲ್ಲ ಬರೆದು ನೋಡಿದಳು. ಚಿತ್ರವನ್ನು ಹೆಬ್ಬೆರಳಿನ ಉಗುರಿನಷ್ಟು ಚಿಕ್ಕದು ಮಾಡಿದಾಗ ಎಲ್ಲ ಕಲಸಿ ಹೋಯಿತು. ಎದೆಯ ಮೇಲೆ ಬರುವ ಅಚ್ಚು ಚಿಕ್ಕದು, ತೆಳು ಗೆರೆಗಳ ಮಧ್ಯೆ ಬಣ್ಣ ತುಂಬಿಕೊಂಡುಬಿಡುತ್ತದೆ. ಅಳಿಸಿದಳು. ಒಂದೇ ಒಂದು ದಪ್ಪ ಓರೆ ಗೆರೆ ಎಳೆದಳು, ಕತ್ತಿಯಿಂದ ಹೊಡೆದಂತೆ. ಎದ್ದು ಬಾಗಿಲ ತನಕ ಹೋಗಿ ಕಣ್ಣು ಕಿರಿದು ಮಾಡಿ ನೋಡಿದಳು. ಅಷ್ಟು ದೂರದಿಂದಲೂ ಆ ಗೆರೆಯೇ ಮೊದಲು ಕಂಡಿತು. ಮೈ ಜುಮ್ಮೆಂದಿತು. ಹರಿಹರನ್ ಹಿಂದಿನಿಂದ ಬಂದು, "ಏನಮ್ಮಾ ಇದು, ಭಯ ಆಗೋ ಹಾಗೆ ಬರೆದಿದ್ದೀಯ!" ಎಂದರು. ಅವರ ಬಾಯಿಂದ ಅದು ಹೊಗಳಿಕೆ.

ಚಿತ್ರ ಕಳಿಸಿದಳು. ದೀನದಯಾಳನ್ ತಂಡದ ಗುಂಪಿಗೆಲ್ಲ ಹಾಕಿದ. ಸಂಜೆ ಒಂದು ಧ್ವನಿ ಸಂದೇಶ ಬಂತು, ಕನ್ನಡದಲ್ಲಿ.

"ಅಕ್ಕಾ, ನಾನು ಕಾಳಿಯಪ್ಪನ್. ನೀವೂ ನಮ್ಮವರೇ ಅಂತ ದೀನಾ ಹೇಳ್ದ. ಅಚ್ಚು ನಾನೇ ಅಕ್ಕಾ! ಕನ್ನಡಿ ನೋಡ್ದಂಗೇ ಐತೆ."

ಆ ಮಾತನ್ನು ಅವಳು ಮತ್ತೆ ಮತ್ತೆ ಹಾಕಿ ಕೇಳಿದಳು. ತನ್ನ ಕೆಲಸಕ್ಕೆ ತನ್ನ ಮನೆಮಾತಿನಲ್ಲಿ ಹೊಗಳಿಕೆ ಸಿಕ್ಕಿದ್ದು ಅದೇ ಮೊದಲು.

ಅಂಗಿಗಳನ್ನು ತೆಗೆದುಕೊಂಡು ಹೋಗಲು ಕಾಳಿಯಪ್ಪನೇ ಬಂದ. ಪಟ್ಟರೆಯ ಬಾಗಿಲಲ್ಲಿ ತಲೆ ತಗ್ಗಿಸಿ ಒಳಗೆ ಬರಬೇಕಾದಷ್ಟು ಎತ್ತರ. ಒಂದು ಅಂಗಿಯನ್ನು ಬಿಡಿಸಿ ಎದೆಗೆ ಹಿಡಿದು ಅವಳೆದುರು ನಿಂತ.

"ಹೆಂಗೈತೆ ಅಕ್ಕಾ? ಮೇಲೊಬ್ಬ, ಕೆಳಗೊಬ್ಬ. ಯಾರು ಜೋರು?"

ಅವಳು ನಗುತ್ತ ಮೇಲೆ ನೋಡಿದಳು, ಕೆಳಗೆ ನೋಡಿದಳು, ಮತ್ತೆ ಮೇಲೆ ನೋಡಿದಳು. ಮುಚ್ಚಿದ ಕಣ್ಣು ಅವಳ ಬಲಗೈ ಕಡೆಗಿತ್ತು. ಅಂಗಿಯ ಮೇಲಿನದು ಎಡಗೈ ಕಡೆಗೆ. ನಗು ಹಾಗೇ ನಿಂತಿತು. ಅವನಿಗೆ ಹೋಗಿದ್ದು ಎಡಗಣ್ಣು. ಅಂಗಿಯಲ್ಲಿ ಅವಳು ಹೊಡೆದು ಮುಚ್ಚಿದ್ದು ಬಲಗಣ್ಣು, ಅವನಿಗೆ ಉಳಿದಿರುವ ಒಂದೇ ಕಣ್ಣು.

"ಏನಾಯ್ತು ಅಕ್ಕಾ?"

"ಏನಿಲ್ಲ. ಚೆನ್ನಾಗಿದೆ."

"ನಮ್ಮವ್ವನಿಗೆ ಇನ್ನೂ ತೋರ್ಸಿಲ್ಲ. ಇವತ್ತು ಹಾಕ್ಕೊಂಡೇ ಮನೆಗೆ ಹೋಗ್ತೀನಿ."

ಹೇಳಬೇಕು ಎಂದು ಬಾಯಿ ತೆರೆದಳು. ಅವನು ಅಷ್ಟರಲ್ಲಿ ಅಂಗಿಯನ್ನು ಬುಷ್‌ಕೋಟಿನ ಮೇಲೇ ತೊಟ್ಟುಕೊಂಡಿದ್ದ, ಗೋಡೆಯ ಕನ್ನಡಿಯ ಮುಂದೆ ನಿಂತು ಮೀಸೆ ತಿರುವುತ್ತಿದ್ದ. ಅವನಿಗೆ ಯಾಕೆ ಗೊತ್ತಾಗಲಿಲ್ಲ ಎಂದು ಅವಳಿಗೆ ಆಗ ಹೊಳೆಯಿತು. ತನ್ನ ಮುಖವನ್ನು ಅವನು ನೋಡಿದ್ದೆಲ್ಲ ಕನ್ನಡಿಯಲ್ಲಿ. ತಿರುಗಿದ ಮುಖವೇ ಅವನಿಗೆ ಸರಿಯಾದ ಮುಖ. ಮೂಟೆಯನ್ನು ಹೆಗಲಿಗೇರಿಸಿ, "ಆಟ ನೋಡೋಕೆ ಬರ್ಬೇಕು ಅಕ್ಕಾ," ಎಂದು ಹೊರಟುಹೋದ. ಅವಳು ತಲೆಯಾಡಿಸಿದಳು.

ಹರಿಹರನ್‌ಗೆ ಹೇಳಿದಳು. ಅವರು ಫೋಟೋವನ್ನೂ ಅಚ್ಚನ್ನೂ ಪಕ್ಕ ಪಕ್ಕ ಇಟ್ಟು ನೋಡಿ ಗಲ್ಲ ಕೆರೆದುಕೊಂಡರು. "ಲೋಗೋದಲ್ಲಿ ಎಡ ಬಲ ಯಾರು ನೋಡ್ತಾರಮ್ಮ? ಅವನಿಗೇ ಗೊತ್ತಾಗಿಲ್ಲ. ನೀನು ಸುಮ್ಮನಿದ್ದರೆ ಅದು ತಪ್ಪೇ ಅಲ್ಲ."

ಆ ಮಾತನ್ನು ಅವಳು ಎರಡು ದಿನ ಆಸರೆ ಮಾಡಿಕೊಳ್ಳಲು ನೋಡಿದಳು, ಆಗಲಿಲ್ಲ. ಮನೆಯಲ್ಲಿ ದೀಪ ಹಚ್ಚಿ ಕಣ್ಣು ಮುಚ್ಚಿದರೆ ಆ ಓರೆ ಗೆರೆ ಬರುತ್ತಿತ್ತು. ಗೆರೆ ಎಳೆದಾಗ ಮೈ ಜುಮ್ಮೆಂದದ್ದೂ ನೆನಪಾಗುತ್ತಿತ್ತು. ಅವನ ಕಣ್ಣು ಎಂದು ಆಗ ಒಮ್ಮೆಯಾದರೂ ಅಂದುಕೊಂಡೆನೇ? ದೂರದಿಂದ ಕಾಣುತ್ತದೆಯೇ ಎಂದಷ್ಟೇ ನೋಡಿದೆ. ಎಡಗಣ್ಣೋ ಬಲಗಣ್ಣೋ ಎಂದು ಯಾರನ್ನೂ ಕೇಳಲಿಲ್ಲ. ತಿರುಗಿಸಿದ್ದು ಚಿಕ್ಕ ತಪ್ಪು, ಅವನು ಎದುರು ನಿಂತಾಗ ಸುಮ್ಮನಾದದ್ದು ದೊಡ್ಡದು ಎಂದು ಅವಳಿಗೆ ಅನ್ನಿಸುತ್ತಿತ್ತು. ಮುಂದಿನ ಭಾನುವಾರ ಟೂರ್ನಮೆಂಟ್. ಅವನು ಅದನ್ನು ತೊಟ್ಟು ಅಂಕಣಕ್ಕೆ ಇಳಿಯುತ್ತಾನೆ. ಆಟದಲ್ಲಿ ಬೆರಳು, ಮಂಡಿ, ಮೊಣಕೈ ಎಲ್ಲಿ ಬಡಿಯುತ್ತದೆ ಎಂದು ಯಾರು ಕಂಡರು?

ಅತ್ತೆ ಲಕ್ಷ್ಮಿಯಮ್ಮಾಳ್ ಸೊಸೆ ತಟ್ಟೆಯ ಮುಂದೆ ಕೈ ಕಟ್ಟಿ ಕೂತದ್ದನ್ನು ನೋಡಿ ಕೇಳಿದರು. ಎಲ್ಲವನ್ನೂ ಕೇಳಿಸಿಕೊಂಡು, "ಅವನವ್ವ ಇದ್ದಾಳಲ್ಲ? ಅವಳು ನೋಡಿರ್ತಾಳೆ. ಹೆತ್ತವಳು ಮಗನ ಮೊಗಾನ ಕನ್ನಡೀಲಿ ನೋಡ್ತಾಳಾ? ಹೋಗು," ಎಂದರು.

ಮಾರನೆಯ ದಿನ ರಜೆ ಹಾಕಿ ಉಡುಮಲೈ ಬಸ್ಸು ಹಿಡಿದಳು. ದಾರಿಯುದ್ದಕ್ಕೂ ತೆಂಗಿನ ತೋಟ, ಗಾಳಿಯಂತ್ರದ ರೆಕ್ಕೆಗಳು. ಅವಳು ಮಾತನ್ನು ಜೋಡಿಸುತ್ತ ಕೂತಿದ್ದಳು. ಊರಿಗೆ ಬಂದಾಗ ಕಾಳಿಯಪ್ಪನ್ ಕೋಳಿ ಫಾರಂ ಕೆಲಸಕ್ಕೆ ಹೋಗಿದ್ದ. ತಾಯಿ ಸಾಮಿಯಾತಾಳ್ ಒಬ್ಬಳೇ ಹಿತ್ತಲಲ್ಲಿ ಒಗೆಯುವ ಕಲ್ಲಿನ ಹತ್ತಿರ ಕೂತಿದ್ದಳು. ಮುಂದೊಂದು ಬಕೆಟ್ಟು, ಅದರಲ್ಲಿ ನೆನೆಹಾಕಿದ ಕಡುನೀಲಿ ಅಂಗಿ.

"ಯಾರಮ್ಮಿಣಿ ನೀನು?" ಎಂದಳು, ಆ ಸೀಮೆಯಲ್ಲಿ ಹೆಣ್ಣುಮಕ್ಕಳನ್ನು ಅಕ್ಕರೆಯಿಂದ ಕರೆಯುವ ಹಾಗೆ.

"ಆ ಅಂಗಿಗೆ ಚಿತ್ರ ಬರೆದವಳು, ಅವ್ವಾ."

ಸಾಮಿಯಾತಾಳ್ ಅವಳನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದಳು. ಬಕೆಟ್ಟಿನಿಂದ ಅಂಗಿಯನ್ನೆತ್ತಿ ಹಿಂಡಿ ಕಲ್ಲಿನ ಮೇಲೆ ಹರಡಿದಳು. ಬಿಳಿ, ಹಳದಿ ಎರಡೂ ಹೊಸದರಂತೆ ಹೊಳೆಯುತ್ತಿದ್ದವು.

"ಸೋಡಾ ಹಾಕಿ ನೆನ್ಸಿದೆ. ಬ್ರಷ್ಷಲ್ಲಿ ಉಜ್ಜಿದೆ. ಒಂದು ಚೂರೂ ಬರ್ಲಿಲ್ಲ. ಒಳ್ಳೆ ಮೈ ಹಿಡ್ದೈತೆ ನಿನ್ನ ಬಣ್ಣ."

ಜಯಪ್ರಿಯಾ ಕಲ್ಲಿನ ಪಕ್ಕ ನೆಲದ ಮೇಲೆ ಕೂತುಬಿಟ್ಟಳು. "ನಾನು ಫೋಟೋ ತಿರುಗಿಸಿದೆ, ಅವ್ವಾ. ನೋಡ್ಲಿಲ್ಲ. ಅವರು ಬಂದು ಎದುರು ನಿಂತಾಗ ಗೊತ್ತಾಯ್ತು. ಗೊತ್ತಾದ ಮೇಲೂ ಹೇಳ್ಲಿಲ್ಲ."

"ಗೊತ್ತಾದ ಮೇಲೂ ಹೇಳ್ಲಿಲ್ಲ," ಎಂದು ಸಾಮಿಯಾತಾಳ್ ಅದನ್ನೇ ಹೇಳಿದಳು. ಬೈಗುಳವೂ ಅಲ್ಲ, ಪ್ರಶ್ನೆಯೂ ಅಲ್ಲ. ಆಮೇಲೆ ಮುದುಕಿ ತಾನಾಗಿ ಮಾತು ತೆಗೆದಳು.

"ಎಡಗಣ್ಣು ಹೋದಾಗ ಮಾರಿಯಮ್ಮನಿಗೆ ಹರಕೆ ಹೊತ್ತೆ. ವರ್ಷವರ್ಷಾನೂ ಬೆಳ್ಳಿ ಕಣ್ಮಲರ್ ತಂದು ಹಾಕ್ತೀನಿ ತಾಯೀ, ಇನ್ನೊಂದು ಕಣ್ಣನ್ನ ಮುಟ್ಬೇಡ ಅಂತ. ಜೋಡಿ ಬೆಳ್ಳಿಕಣ್ಣು ಒಯ್ದು ಅವಳ ಪಾದಕ್ಕೆ ಇಟ್ಟು ಬರ್ತೀನಿ. ಅವನು ಆಟಕ್ಕೆ ಹೋದ ದಿನ ಅವನು ಬರೋಗಂಟ ನಾನು ಉಣ್ಣಲ್ಲ. ಆ ದಿನ ಇದನ್ನ ಹಾಕ್ಕೊಂಡು ಕುಣೀತಾ ಬಂದ. ಅವ್ವಾ, ಪಾರು, ನಾನೇ ನೋಡು! ಅಂದ. ಪಾರ್ತೆ. ಬಲಗಣ್ಣಿನ ಮೇಲೆ ಗೆರೆ ಹೊಡೆದೈತೆ. ಏನಂತ ಹೇಳ್ಲಿ? ಚೆಂದಾಗೈತೆ ಕಣಪ್ಪಾ ಅಂದೆ."

"ನೀವೂ ಹೇಳ್ಲಿಲ್ಲವಾ?"

"ಹೆಂಗ್ ಹೇಳ್ಲಿ? ಹೇಳಿದ್ರೆ ಅದು ಅವನ ತಲೆಗೆ ಹೋಗ್ತದೆ. ಆಟದಲ್ಲಿ ಒಂದು ಗಳಿಗೆ ಬೆದರಿದ್ರೆ ಮುಗೀತು. ಅವನು ಬೆದರ್ದೆ ಆಡ್ತಾನೆ, ಅದಕ್ಕೇ ಉಳ್ಕೊಂಡವ್ನೆ." ಅವಳು ಒದ್ದೆ ಅಂಗಿಯನ್ನು ಮುಖ ಕೆಳಗಾಗುವಂತೆ ಮಗುಚಿದಳು. "ಬಂದಿದ್ದೀಯಲ್ಲ, ಒಂದು ಕೆಲ್ಸ ಮಾಡು ಅಮ್ಮಿಣಿ. ಇದನ್ನ ಪೂರಾ ಇಲ್ದಂಗೆ ಮಾಡು. ಇದೊಂದೇ ಅಲ್ಲ, ಎಲ್ಲಾರದೂ. ಒಂದೂ ಉಳೀಬಾರ್ದು. ಅವನಿಗೆ ಯಾಕೆ ಅಂತ ಗೊತ್ತಾಗ್ಬಾರ್ದು."

ಜಯಪ್ರಿಯಾ ಅವಳ ಒದ್ದೆ ಕೈ ಹಿಡಿದು ಮಾತು ಕೊಟ್ಟಳು.

ಹಿಂತಿರುಗಿ ಬರುವಾಗ ಅವಳಿಗೆ ಒಂದು ದಾರಿ ಕಂಡಿತು. ಅಂಗಿಯಲ್ಲಿ ಅಚ್ಚು ಬರುವುದು ಎಡ ಎದೆಗೆ. ತಿರುಗಿಸಿದ ಮುಖ ಅಲ್ಲಿ ತೋಳಿನ ಕಡೆಗೆ, ಹೊರಗೆ ನೋಡುತ್ತಿತ್ತು. ಫೋಟೋದಲ್ಲಿದ್ದ ಹಾಗೆಯೇ ಬಿಟ್ಟಿದ್ದರೆ ಎದೆಯ ನಡುವಿನ ಕಡೆಗೆ ನೋಡುತ್ತಿತ್ತು, ಅದೇ ಸರಿ. ಬ್ಯಾನರಿಗಾಗಿ ತಿರುಗಿಸಿದ್ದನ್ನು ಅಂಗಿಗೂ ಹಾಗೇ ಹಾಕಿಬಿಟ್ಟಿದ್ದಳು. ಸಂಜೆಯೇ ಕೂತು ಮುಖವನ್ನು ಮತ್ತೆ ಬರೆದಳು. ಬರೀ ತಿರುಗಿಸಿ ಬಿಡಲಿಲ್ಲ, ಫೋಟೋವನ್ನು ಪಕ್ಕದಲ್ಲಿಟ್ಟುಕೊಂಡು ಪ್ರತಿ ಗೆರೆಯಲ್ಲೂ ಇದು ಅವನ ಎಡ, ಇದು ಅವನ ಬಲ ಎಂದು ಬಾಯಿಬಿಟ್ಟು ಹೇಳಿಕೊಂಡಳು. ತಂಡದ ಹೆಸರನ್ನು ಮುಖದ ಪಕ್ಕದಿಂದ ತೆಗೆದು ಕೆಳಗೆ ಕೂರಿಸಿದಳು. ಇನ್ನೂ ಅಚ್ಚಿಗೆ ಹೋಗದ ಬ್ಯಾನರಿನಲ್ಲೂ ಈಗ ಯಾರೂ ಯಾರಿಗೂ ಬೆನ್ನು ಹಾಕಲಿಲ್ಲ. ತೆರೆದ ಬಲಗಣ್ಣಿಗೆ ಚಿಕ್ಕದೊಂದು ಬಿಳಿ ಉಳಿಸಿದಳು, ಬಣ್ಣ ತುಂಬಿಕೊಳ್ಳದಷ್ಟು ದೊಡ್ಡದಾಗಿ.

ದೀನದಯಾಳನ್‌ಗೆ ಫೋನ್ ಮಾಡಿ, "ಮುಖ ತೋಳಿನ ಕಡೆ ನೋಡ್ತಿದೆ, ನನ್ನ ತಪ್ಪು. ಬೇರೆ ಹಾಕಿಕೊಡ್ತೀನಿ, ಹಳೇದನ್ನೆಲ್ಲ ವಾಪಸ್ ಕಳಿಸಿ," ಎಂದಳು.

"ಅದಕ್ಕೇನಕ್ಕಾ ಅಷ್ಟು? ನಮಗೇನೂ ಕಾಣಿಸ್ಲಿಲ್ಲ."

"ನನಗೆ ಕಾಣಿಸ್ತದೆ."

ಹೇಳಿದ್ದು ಸುಳ್ಳಲ್ಲ. ಆದರೂ ಸುಳ್ಳು ಹೇಳಿದವಳಂತೆ ಕಿವಿ ಬಿಸಿಯಾಯಿತು. ಹರಿಹರನ್ ಗೊಣಗಿದರು, ಕೊನೆಗೆ ಉಳಿದಿದ್ದ ನೀಲಿ ಬಟ್ಟೆಯನ್ನು ತೆಗೆದುಕೊಟ್ಟರು. ಹೊಸ ಫಿಲ್ಮು, ಹೊಸ ಸ್ಕ್ರೀನು. ಬಿಳಿಯ ಮೇಲೆ ಹಳದಿ ಕೂದಲೆಳೆಯಷ್ಟೂ ಜರುಗದ ಹಾಗೆ ಗುರುತು ಕೂಡಿಸಿ, ಅಚ್ಚು ಹಾಕುವಾಗ ಮೇಜಿನ ಪಕ್ಕದಿಂದ ಅವಳು ಕದಲಲಿಲ್ಲ.

ಶನಿವಾರ ಹಳೆಯ ಅಂಗಿಗಳ ಮೂಟೆ ಹೊತ್ತು ಕಾಳಿಯಪ್ಪನೇ ಮತ್ತೆ ಬಂದ. ಹೊಸದನ್ನು ಬಿಡಿಸಿ ನೋಡಿದ. ನೋಡುತ್ತಲೇ ನಿಂತ.

"ಚೆನ್ನಾಗಿಲ್ವಾ?"

"ಚೆನ್ನಾಗೈತೆ ಅಕ್ಕಾ. ಆದ್ರೆ..." ಅವನು ತಲೆ ಓರೆ ಮಾಡಿ ಮತ್ತೆ ನೋಡಿದ. "ಕೋಪ ಮಾಡ್ಕೋಬೇಡಿ. ಹಳೇದು ನಾನೇ ಆಗಿದ್ದೆ. ಇದು ಯಾರೋ ನನ್ ಥರ ಇರೋನು. ಯಾಕೆ ಬದಲಾಯ್ಸಿದ್ರಿ?"

ತೋಳಿನ ಕಡೆ ನೋಡುತ್ತಿತ್ತು ಎನ್ನಲು ಹೊರಟಳು. ಹಿಂದಿನ ಸಲ ಇದೇ ಜಾಗದಲ್ಲಿ ಇದೇ ಮನುಷ್ಯನ ಮುಂದೆ ಬಾಯಿ ಮುಚ್ಚಿಕೊಂಡದ್ದು ಎದೆಗೆ ಒತ್ತಿತು. ಅತ್ತ ಒದ್ದೆ ಕೈ ಹಿಡಿದು ಕೊಟ್ಟ ಮಾತು. ಅವಳು ಅವನ ಮುಖವನ್ನೇ ನೋಡುತ್ತ, "ನಿನ್ನ ಎದುರಿಗಿರೋರಿಗೆ ನೀನು ಹೀಗೇ ಕಾಣ್ತೀಯ, ತಮ್ಮಾ," ಎಂದಳು. ಅಷ್ಟೇ ಹೇಳಿದಳು.

ಕಾಳಿಯಪ್ಪನ್ ಮೂಟೆಯಿಂದ ಹಳೆಯದೊಂದನ್ನು ಎಳೆದು ಹೊಸದರ ಪಕ್ಕದಲ್ಲಿಟ್ಟ. ಗೋಡೆಯ ಕನ್ನಡಿಯಲ್ಲಿ ತನ್ನನ್ನು ನೋಡಿಕೊಂಡ. ಕೈ ಎತ್ತಿ ತನ್ನ ಬಲಗಣ್ಣಿನ ರೆಪ್ಪೆಯನ್ನು ಮೆಲ್ಲಗೆ ಮುಟ್ಟಿದ, ಆಮೇಲೆ ಹಳೆಯ ಅಂಗಿಯ ಗೆರೆಯನ್ನು. ಒಳಗೆ ಅಚ್ಚಿನವರು ಏನೋ ಹೇಳಿ ನಗುತ್ತಿದ್ದರು.

"ಅವ್ವ ನೋಡಿದ್ಲಾ?"

ಅವಳು ಹಳೆಯ ಅಂಗಿಯ ಗೆರೆಯ ಮೇಲೆ ಅಂಗೈ ಮುಚ್ಚಿದಳು. ಅವನಿಗೆ ಅಷ್ಟೇ ಸಾಕಾಯಿತು.

"ಅದಕ್ಕೇ ಬಕೆಟ್ಟಲ್ಲಿ ನೆನೆ ಹಾಕಿದ್ಲು. ಕೊಳೆ ಆಗಿತ್ತು ಕಣಪ್ಪಾ ಅಂದ್ಲು. ಹೊಸ ಅಂಗಿಗೆ ಎಂಥ ಕೊಳೆ ಅಂತ ನಾನು ನಕ್ಕೆ." ಈಗಲೂ ನಗಲು ನೋಡಿದ. "ನಾಳೆ ಇದನ್ನೇ ಹಾಕ್ತೀನಿ. ನನಗೆ ಗೊತ್ತಾಯ್ತು ಅಂತ ಅವ್ವಂಗೆ ಹೇಳ್ಬೇಡಿ. ಗೊತ್ತಾದ್ರೆ ನಾಳೆ ಉಪವಾಸದ ಜೊತೆ ನಿದ್ದೇನೂ ಬಿಡ್ತಾಳೆ."

"ನನ್ನನ್ನ ಕ್ಷಮಿಸ್ಬೇಕು ತಮ್ಮಾ. ಅವತ್ತೇ ಹೇಳ್ಬೇಕಿತ್ತು."

"ಬಿಡಿ ಅಕ್ಕಾ. ಬೆರಳು ಬಡಿದವನೇ ಬಂದು ಕಾಫಿ ಕುಡ್ಕೊಂಡು ಹೋಗ್ತಾನೆ ನಮ್ಮನೇಲಿ." ಹೊಸ ಅಂಗಿಗಳನ್ನು ಚೀಲಕ್ಕೆ ತುಂಬಿದ. ಹಳೆಯದೊಂದು ಅವನ ಕೈಯಲ್ಲೇ ಉಳಿದಿತ್ತು. ಅದನ್ನು ಮಡಿಸಿದ, ಬಿಚ್ಚಿದ. "ಇದೊಂದನ್ನ ನಾನು ಇಟ್ಕೊಳ್ಲಾ? ಹಾಕ್ಕೊಳ್ಳಲ್ಲ. ಸುಮ್ನೆ. ನನ್ನನ್ನ ನಾನು ನೋಡೋದು ಹಿಂಗೇ ಅಲ್ವಾ."

ಒಂದೂ ಉಳಿಯಬಾರದು ಎಂದಿದ್ದಳು ಅವನ ತಾಯಿ. ಆದರೆ ಅದು ಅವನ ಮುಖ. ಅವನನ್ನು ಕೇಳದೆ ತಿರುಗಿಸಿದವಳು ಇವಳು, ಕೇಳದೆ ಮತ್ತೆ ತಿರುಗಿಸಿದವಳೂ ಇವಳೇ. ಜಯಪ್ರಿಯಾ ಒಂದು ಹಳೆಯ ಪೇಪರು ತಂದು ಅಂಗಿಯನ್ನು ಸುತ್ತಿ ಕೊಟ್ಟಳು.

ಉಳಿದವನ್ನು ಪಟ್ಟರೆಯವರು ಬಣ್ಣ ಒರೆಸಲು ಕೇಳಿದರು. ಅವಳು ಕೊಡಲಿಲ್ಲ. ಅಚ್ಚಿನ ಜಾಗವನ್ನು ತಾನೇ ಕತ್ತರಿಸಿ ತೆಗೆದಳು. ನೂಲು ಕತ್ತರಿಸಿ ಪಳಗಿದ ಕೈಗೆ ಅದು ಹೊತ್ತು ಹಿಡಿಯುವ ಕೆಲಸವಲ್ಲ, ಆದರೂ ಹೊತ್ತು ಹಿಡಿಯಿತು.

ಭಾನುವಾರ ಆಟ ನೋಡಲು ಅವಳು ಹೋಗಲಿಲ್ಲ. ದೇವರ ಮುಂದೆ ಕೂತಿದ್ದಳು. ಸಂಜೆ ದೀನದಯಾಳನ್ ಫೋಟೋ ಕಳಿಸಿದ. ಎರಡನೆಯ ಸ್ಥಾನ. ಕೆಂಪು ಮಣ್ಣಿನಲ್ಲಿ ಸಾಲಾಗಿ ನಿಂತ ನೀಲಿ ಅಂಗಿಗಳು, ಮಧ್ಯದಲ್ಲಿ ಕಾಳಿಯಪ್ಪನ್, ಬಲಗಣ್ಣು ಅಗಲಕ್ಕೆ ತೆರೆದು ಹಲ್ಲು ಕಿಸಿದಿದ್ದ. ಅವಳು ಫೋಟೋ ಹಿಗ್ಗಿಸಿ ಆ ಕಣ್ಣನ್ನು ನೋಡಿದಳು, ಕೈ ಮುಗಿದಳು.

ಸ್ವಲ್ಪ ಹೊತ್ತಿಗೆ ಸಾಮಿಯಾತಾಳ್ ಫೋನ್ ಮಾಡಿದಳು. ಗಂಟಲು ಈಗಷ್ಟೇ ಉಂಡವರ ಗಂಟಲಿನಂತಿತ್ತು.

"ಬಂದ ಅಮ್ಮಿಣಿ. ನಿನ್ನ ಮಕ್ಕಳುಮರಿ ಚೆನ್ನಾಗಿರ್ಲಿ. ಅವನಿಗೆ ಏನೂ ಗೊತ್ತಾಗ್ಲಿಲ್ಲ ಅಲ್ವಾ?"

"ಇಲ್ಲ, ಅವ್ವಾ."

"ಹಳೇದೆಲ್ಲಾ ಹೋಯ್ತಾ?"

ದೀಪದ ಬತ್ತಿ ಓರೆಯಾಗಿತ್ತು. ಜಯಪ್ರಿಯಾ ದೇವರ ಕಡೆಯಿಂದ ಮುಖ ತಿರುಗಿಸಿಕೊಂಡಳು.

"ಹೋಯ್ತವ್ವಾ," ಎಂದಳು.